24 ಕೆಜಿ ಹುಡುಗನಿಗೆ 0.15ರ ಪೆನ್ನೋ, 0.3ರ ಪೆನ್ನೋ?

"ಡಾಕ್ಟ್ರೇ, ನನ್ನ ಮಗನಿಗೆ 7 ವರ್ಷ, ತೂಕ 24 ಕೆಜಿ. ಗೇರುಬೀಜ ಅವನಿಗೆ ಆಗುವುದಿಲ್ಲ. ಜನವರಿಯಲ್ಲಿ ನೆಂಟರ ಮದುವೆಯಲ್ಲಿ ಪಾಯಸ ತಿಂದ ಹತ್ತೇ ನಿಮಿಷಕ್ಕೆ ಮೈಯೆಲ್ಲ ಗಂಧೆ ಎದ್ದಿತು. ಎರಡು ಸಲ ವಾಂತಿ ಆಯಿತು, ಕೆಮ್ಮು ನಿಲ್ಲಲಿಲ್ಲ, ಸ್ವರ ಗೊಗ್ಗರಾಯಿತು. ಹತ್ತಿರದ ಕ್ಲಿನಿಕ್‌ನಲ್ಲಿ ಆವಿಲ್ ಮತ್ತು ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು, ಗುಣವಾಯಿತು. ಆಮೇಲೆ ನೋಡಿದ ಮಕ್ಕಳ ಡಾಕ್ಟರು ಅಡ್ರಿನಲಿನ್ ಪೆನ್ ಇಟ್ಟುಕೊಳ್ಳಿ, ಲೆಕ್ಕದ ಪ್ರಕಾರ ಇವನಿಗೆ 0.24 ಮಿಲಿಗ್ರಾಂ ಬೇಕು ಅಂದರು. ದುಬೈಯಲ್ಲಿರುವ ಅಣ್ಣ ಮುಂದಿನ ತಿಂಗಳು ಊರಿಗೆ ಬರುತ್ತಾನೆ. ಅವನಿಗೆ ಸಿಗುವುದು 0.15 ಮತ್ತು 0.3, ಎರಡೇ ಬಗೆಯಂತೆ. ಯಾವುದು ತರಲಿ ಅಂತ ಕೇಳ್ತಿದ್ದಾನೆ. 0.3 ಹಾಕಿದರೆ ಹೃದಯವೇ ನಿಂತುಹೋಗಬಹುದು ಅಂತ ನಾದಿನಿ ಹೆದರಿಸುತ್ತಾಳೆ, ಅವಳು ನರ್ಸಿಂಗ್ ಓದಿದವಳು. ಅಣ್ಣ ಬರುವ ತನಕ ಮನೆಯಲ್ಲಿ ಏನು ಇಟ್ಟುಕೊಳ್ಳಲಿ? ಆವಿಲ್ ಸಾಕಾಗುವುದಿಲ್ಲವಾ?"
ಬ್ರಹ್ಮಾವರದ ಒಬ್ಬ ತಾಯಿ

0.3 ತರಲು ಹೇಳಿ. ಒಂದಲ್ಲ, ಎರಡು. ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಅದನ್ನೇ ಚೀಟಿಯಲ್ಲಿ ಬರೆಸಿಕೊಳ್ಳಿ. ಅವರು ಬೇಡ ಅಂದರೆ ಯಾಕೆ ಅಂತ ಕೇಳಿ, ಯಾಕೆಂದರೆ ಹುಡುಗನನ್ನು ಕಂಡವರು ಅವರು, ನಾನಲ್ಲ. ಆದರೆ ನೀವು ಬರೆದಿರುವುದನ್ನು ಓದಿದರೆ ನನಗೆ ಅನ್ನಿಸುವುದು ಇದೇ. ಹೇಗೆ ಈ ಲೆಕ್ಕಕ್ಕೆ ಬಂದೆ ಅಂತ ಹೇಳುತ್ತೇನೆ.

ಅಡ್ರಿನಲಿನ್‌ನ ಅಳತೆ ತೂಕದ ಮೇಲೆ. ಒಂದು ಕೆಜಿಗೆ 0.01 ಮಿಲಿಗ್ರಾಂ. ನಿಮ್ಮ ಮಗನಿಗೆ 24 ಅನ್ನು 0.01ರಿಂದ ಗುಣಿಸಿದರೆ 0.24. ಇದು ಜಗತ್ತಿನ ಎಲ್ಲ ಕಡೆಯೂ ಒಪ್ಪಿದ ಲೆಕ್ಕ. ಚಿಕ್ಕ ಮಕ್ಕಳಿಗೆ ಒಂದು ಸಲಕ್ಕೆ 0.3 ದಾಟಿಸುವುದಿಲ್ಲ, ದೊಡ್ಡವರಿಗೆ 0.5 ದಾಟಿಸುವುದಿಲ್ಲ. ತಕರಾರು ಶುರುವಾಗುವುದು ಪೆನ್ನಿನಲ್ಲಿ. ಪೆನ್ ಅಂದರೆ ಮೊದಲೇ ಔಷಧ ತುಂಬಿಸಿ, ಸ್ಪ್ರಿಂಗ್ ಇಟ್ಟು ಮುಚ್ಚಿದ ಸಿರಿಂಜ್. ಒತ್ತಿದರೆ ಒಳಗಿರುವ ಅಳತೆ ಪೂರ್ತಿ ಹೋಗುತ್ತದೆ. ಅರ್ಧ ಹಾಕುವ, ಮುಕ್ಕಾಲು ಹಾಕುವ ಮಾತೇ ಇಲ್ಲ. ಹಾಗಾಗಿ 0.24 ಬೇಕಾದ ಹುಡುಗನಿಗೆ 0.24ರ ಪೆನ್ ಸಿಗುವುದಿಲ್ಲ. ರೆಡಿಮೇಡ್ ಶರ್ಟ್ ಇದ್ದ ಹಾಗೆ, ಒಂದು ಸೈಜ್ ಬಿಗಿ, ಇನ್ನೊಂದು ಸ್ವಲ್ಪ ಸಡಿಲ.

ಎಷ್ಟು ಬಿಗಿ, ಎಷ್ಟು ಸಡಿಲ ಅಂತ ನೋಡಿ. 0.15ರ ಪೆನ್ ಹಾಕಿದರೆ ಅವನಿಗೆ ಬೇಕಾದ್ದರಲ್ಲಿ ನೂರಕ್ಕೆ 62ರಷ್ಟು ಮಾತ್ರ ಸಿಗುತ್ತದೆ. 0.3ರದ್ದು ಹಾಕಿದರೆ ನೂರಕ್ಕೆ 125. ಒಂದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊರತೆ, ಇನ್ನೊಂದರಲ್ಲಿ ಕಾಲು ಭಾಗ ಹೆಚ್ಚು. ಉಸಿರು ಕಟ್ಟುತ್ತಿರುವ ಮಗುವಿನ ಎದುರು ಈ ಎರಡು ತಪ್ಪುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದರೆ ನಾನು ಯಾವಾಗಲೂ ಕಾಲು ಭಾಗ ಹೆಚ್ಚಾದದ್ದನ್ನೇ ಆರಿಸುತ್ತೇನೆ.

ನೀವು ಪೆನ್ನಿನ ಪೆಟ್ಟಿಗೆಯನ್ನು ತಿರುಗಿಸಿ ಓದಿದರೆ ಗಲಿಬಿಲಿ ಆಗಬಹುದು. ಅಮೆರಿಕದ ಪೆಟ್ಟಿಗೆಯ ಮೇಲೆ 15ರಿಂದ 30 ಕೆಜಿಯವರಿಗೆ 0.15, 30 ದಾಟಿದವರಿಗೆ 0.3 ಅಂತ ಇರುತ್ತದೆ. ಅದೇ ದೇಶದ ಮಕ್ಕಳ ವೈದ್ಯರ ಸಂಘ ಮಾತ್ರ 25 ಕೆಜಿಗೇ 0.3ಕ್ಕೆ ಬದಲಾಯಿಸಿ ಅನ್ನುತ್ತದೆ. ಎರಡೂ ಸರಿ ಹೇಗಾಗುತ್ತದೆ? 29 ಕೆಜಿಯ ಮಗುವನ್ನು ನೆನಪಿಸಿಕೊಳ್ಳಿ. ಪೆಟ್ಟಿಗೆ ಹೇಳಿದಂತೆ 0.15 ಹಾಕಿದರೆ ಬೇಕಾದ್ದರಲ್ಲಿ ಹತ್ತಿರಹತ್ತಿರ ಅರ್ಧ ಮಾತ್ರ ಹೋಗುತ್ತದೆ. ಡಾಕ್ಟರುಗಳು ಗೆರೆಯನ್ನು 25ಕ್ಕೆ ಇಳಿಸಿದ್ದು ಇದಕ್ಕೇ.

ನಿಮ್ಮ ಹುಡುಗ ಆ ಗೆರೆಗಿಂತ ಒಂದು ಕೆಜಿ ಕೆಳಗೆ ನಿಂತಿದ್ದಾನೆ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಎರಡರಿಂದ ಮೂರು ಕೆಜಿ ಏರುತ್ತಾರೆ. ಅಂದರೆ ದಸರಾ ರಜೆಯ ಹೊತ್ತಿಗೆ 25 ಆಗಿರುತ್ತಾನೆ. ಪೆನ್ನಿನ ಆಯುಷ್ಯ ನಿಮ್ಮ ಕೈಗೆ ಬಂದಾಗ ಹೆಚ್ಚೆಂದರೆ ಒಂದು, ಒಂದೂವರೆ ವರ್ಷ. ಇವತ್ತಿನ ತೂಕಕ್ಕೆ ಅಂತ 0.15 ತರಿಸಿದರೆ, ಆ ಪೆನ್ ಮನೆಯಲ್ಲಿರುವ ಹೆಚ್ಚಿನ ತಿಂಗಳು ಹುಡುಗ ಅದಕ್ಕಿಂತ ದೊಡ್ಡವನಾಗಿರುತ್ತಾನೆ. ನಮ್ಮಲ್ಲಿ ಪೆನ್ ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವ ವಸ್ತು ಅಲ್ವಲ್ಲ, ಯಾರಾದರೂ ಹೊರಗಿನಿಂದ ತರಬೇಕು, ಇಲ್ಲವೇ ಸರಕಾರಕ್ಕೆ ಅರ್ಜಿ ಹಾಕಿ ಸ್ವಂತ ಬಳಕೆಗೆ ಆಮದು ಪರವಾನಗಿ ಪಡೆದು ತರಿಸಬೇಕು. ಆರು ತಿಂಗಳಿಗೆ ಮತ್ತೆ ಬದಲಿಸುವ ಸುಖ ನಮಗಿಲ್ಲ.

ಇದೇ ಪ್ರಶ್ನೆಯನ್ನು 17 ಕೆಜಿಯ ಮಗುವಿನ ತಾಯಿ ಕೇಳಿದ್ದರೆ ನನ್ನ ಉತ್ತರ 0.15. ಅಲ್ಲಿ 0.15 ಎಂದರೆ ನೂರಕ್ಕೆ 88, ಸಾಕಷ್ಟು ಹತ್ತಿರ. 20, 21ರವರೆಗೂ ನಾನು 0.15ರಲ್ಲೇ ಇರುತ್ತೇನೆ. 22, 23ರ ಮಕ್ಕಳಿಗೆ ಹಿಂದಿನ ಸಲ ಎಷ್ಟು ಜೋರಾಗಿತ್ತು, ಉಬ್ಬಸ ಇದೆಯಾ, ಆಸ್ಪತ್ರೆ ಎಷ್ಟು ದೂರ ಅಂತ ಕೇಳಿ ತೀರ್ಮಾನಿಸುತ್ತೇನೆ. ತೀರಾ ಸಣ್ಣ ಶಿಶುಗಳಲ್ಲಿ ಹಿಂಜರಿಕೆ ಬರುವುದು ಔಷಧಕ್ಕಿಂತ ಸೂಜಿಯ ಉದ್ದಕ್ಕೆ. ತೆಳ್ಳಗಿನ ತೊಡೆಯಲ್ಲಿ ಸೂಜಿ ಮೂಳೆಗೆ ತಾಗಬಹುದು. ನಿಮ್ಮ ಹುಡುಗನ ತೂಕದಲ್ಲಿ ಆ ಚಿಂತೆ ಹೆಚ್ಚಿಲ್ಲ.

ಈಗ ನಾದಿನಿಯ ಮಾತಿಗೆ ಬರುತ್ತೇನೆ. ಅವರು ಸುಮ್ನೆ ಹೆದರಿಸುತ್ತಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಕಲಿತವರಿಗೆ ಈ ಹೆದರಿಕೆ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ನಾನು ಹೌಸ್ ಸರ್ಜನ್ ಆಗಿದ್ದಾಗ, ಯಾವ ಊರು ಯಾವ ಆಸ್ಪತ್ರೆ ಬೇಡ, ಗಂಧೆ ಎದ್ದ ಒಬ್ಬ ಯುವಕನಿಗೆ ಗಡಿಬಿಡಿಯಲ್ಲಿ ಆಂಪ್ಯೂಲ್‌ನಲ್ಲಿದ್ದ ಅಡ್ರಿನಲಿನ್ ಅನ್ನು ನೇರ ರಕ್ತನಾಳಕ್ಕೆ ಕೊಟ್ಟುಬಿಟ್ಟರು. ಮರುಕ್ಷಣ ಅವನು ಎದೆ ಹಿಡಿದುಕೊಂಡು ಎದ್ದು ಕೂತ. ಮಾನಿಟರ್‌ನಲ್ಲಿ ಗೆರೆ ಕುಣಿಯುತ್ತಿತ್ತು. ಅವನು ಬದುಕಿಕೊಂಡ, ಆದರೆ ಆ ಅರ್ಧ ಗಂಟೆ ಆ ವಾರ್ಡಿನಲ್ಲಿದ್ದ ಯಾರೂ ಮರೆತಿರಲಿಕ್ಕಿಲ್ಲ. ಅಲ್ಲಿ ಎರಡು ತಪ್ಪು ಒಟ್ಟಿಗೆ ಆಗಿತ್ತು. ಹೋದದ್ದು ತೊಡೆಗಲ್ಲ, ರಕ್ತನಾಳಕ್ಕೆ. ಜೊತೆಗೆ ಪೂರ್ತಿ ಒಂದು ಮಿಲಿಗ್ರಾಂ.

ತೊಡೆಯ ಸ್ನಾಯುವಿಗೆ ಹೋದ 0.3 ಬೇರೆಯೇ ಕಥೆ. ಅದು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಬೇಗ ಕರಗಿಯೂ ಹೋಗುತ್ತದೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಿಮ್ಮ ಪ್ರಶ್ನೆಗೇ ಹೇಳಿ ಮಾಡಿಸಿದ ಹಾಗಿದೆ. 15ರಿಂದ 30 ಕೆಜಿಯ ಮಕ್ಕಳಲ್ಲಿ ಕೆಲವರಿಗೆ 0.15ರ ಪೆನ್, ಕೆಲವರಿಗೆ 0.3ರ ಪೆನ್ ಚುಚ್ಚಿ ನೋಡಿದರು. ಎರಡೂ ಗುಂಪಿನ ಮಕ್ಕಳು ಸ್ವಲ್ಪ ಹೊತ್ತು ಬಿಳಿಚಿಕೊಂಡರು. ಕೆಲವರಿಗೆ ಕೈ ನಡುಗಿತು, ಎದೆ ಡವಡವ ಅಂದಿತು. 0.3 ಪಡೆದವರಲ್ಲಿ ಕೆಲವರಿಗೆ ಅದರ ಜೊತೆ ತಲೆನೋವು, ವಾಕರಿಕೆ ಬಂತು. ಯಾರ ಹೃದಯವೂ ನಿಲ್ಲಲಿಲ್ಲ. ನಿಮ್ಮ ಮಗನಿಗೂ ಪೆನ್ ಹಾಕಿದ ಮೇಲೆ ಮುಖ ಬಿಳಿಚಬಹುದು, ತುಟಿ ಅದುರಬಹುದು, "ಅಮ್ಮ, ಎದೆ ಓಡ್ತಿದೆ" ಅನ್ನಬಹುದು. ಮೊದಲೇ ಗೊತ್ತಿದ್ದರೆ ಗಾಬರಿ ಕಮ್ಮಿ. ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಮಕ್ಕಳಿದ್ದರೆ ಅವರ ಹೃದಯದ ಡಾಕ್ಟರ ಹತ್ತಿರ ಮೊದಲೇ ಮಾತಾಡಿಡಬೇಕು. ಆದರೂ ಜೀವಕ್ಕೆ ಬಂದಾಗ ಅವರಿಗೂ ಅಡ್ರಿನಲಿನ್ ಕೊಡಲೇಬಾರದು ಅಂತ ಇಲ್ಲ.

ಆವಿಲ್ ಸಾಕಾಗುವುದಿಲ್ಲವಾ ಅಂದಿರಿ. ಇಲ್ಲ. ಜನವರಿಯಲ್ಲಿ ಗುಣವಾದದ್ದು ಆವಿಲ್‌ನಿಂದ ಅಂತ ನೀವು ನಂಬಿದ್ದರೆ, ಮುಂದಿನ ಸಲ ಅದೇ ನಂಬಿಕೆ ನಿಮ್ಮನ್ನು ಕಾಯಿಸುತ್ತದೆ, ನನಗೆ ಹೆದರಿಕೆ ಅದೇ. ಅಲರ್ಜಿ ಜೋರಾದಾಗ ಮೈಯಲ್ಲಿ ಮೂರು ಕಡೆ ಕೆಡುಕಾಗುತ್ತದೆ. ರಕ್ತನಾಳಗಳು ಸಡಿಲಾಗಿ ರಕ್ತದೊತ್ತಡ ಬೀಳುತ್ತದೆ. ಗಂಟಲು ಊದುತ್ತದೆ. ಶ್ವಾಸನಾಳ ಬಿಗಿಯುತ್ತದೆ. ಅಡ್ರಿನಲಿನ್ ಈ ಮೂರನ್ನೂ ತಿರುಗಿಸುತ್ತದೆ, ಅದೂ ನಿಮಿಷಗಳಲ್ಲಿ. ಆವಿಲ್ ತಡೆಯುವುದು ಹಿಸ್ಟಮಿನ್ ಒಂದನ್ನೇ. ತುರಿಕೆ, ಗಂಧೆ ಇಳಿಯುತ್ತದೆ, ಅದಕ್ಕೂ ಅರ್ಧ ಗಂಟೆ ಬೇಕು. ಬಿದ್ದ ರಕ್ತದೊತ್ತಡ ಅದರಿಂದ ಏಳುವುದಿಲ್ಲ. ಸ್ಟಿರಾಯ್ಡ್ ಕೆಲಸ ಶುರುಮಾಡಲು ಗಂಟೆಗಟ್ಟಲೆ ಹಿಡಿಯುತ್ತದೆ. ಹಾಗಾದರೆ ಜನವರಿಯಲ್ಲಿ ಏನಾಯಿತು? ಕೆಲವು ಸಲ ರಿಯಾಕ್ಷನ್ ತಾನಾಗಿಯೇ ಇಳಿಯುತ್ತದೆ, ಹುಡುಗನ ಸ್ವಂತ ಅಡ್ರಿನಲಿನ್ ಕೆಲಸ ಮಾಡಿರುತ್ತದೆ. ಅದೃಷ್ಟ. ಇನ್ನೊಂದು ಸಲ ಹಾಗೇ ಆಗುತ್ತದೆ ಅಂತ ಯಾರೂ ಬರೆದುಕೊಡಲಾರರು.

ಅದೃಷ್ಟ ಕೈಕೊಟ್ಟರೆ ಹೇಗಿರುತ್ತದೆ ಅಂತ ಒಂದು ಸಂಗತಿ ಹೇಳುತ್ತೇನೆ. ಕಡಲ ಬದಿಯ ಒಂದು ಮನೆಯ ಹುಡುಗಿ, 18 ಕೆಜಿ. ಸಂಜೆ ಏಳೂವರೆಗೆ ಸಿಗಡಿ ಸುಕ್ಕ ತಿಂದಳು. ಏಳು ಮುಕ್ಕಾಲಿಗೆ ಮೈ ಕೆಂಪಾಗಿ ತುರಿಕೆ, ಒಂದು ವಾಂತಿ. ಪಿತ್ತ ಏರಿದೆ ಅಂತ ಅಜ್ಜಿ ಪುನರ್ಪುಳಿ ನೀರು ಕುಡಿಸಿದರು. ಅಪ್ಪ ಅರ್ಧ ಮಾತ್ರೆ ಆವಿಲ್ ಕೊಟ್ಟರು. ಎಂಟೂ ಕಾಲಿಗೆ ಗಂಧೆ ಇಳಿಯಿತು. ಮಗು ಸುಸ್ತಾಗಿ ಮಲಗಿತು. ಮಾತ್ರೆಗೆ ನಿದ್ರೆ ಬಂದಿದೆ ಅಂತ ಎಲ್ಲರೂ ನೆಮ್ಮದಿಯಾದರು. ಅದು ನಿದ್ರೆಯಲ್ಲ, ರಕ್ತದೊತ್ತಡ ಬೀಳುತ್ತಿತ್ತು. ಎಂಟು ಐವತ್ತಕ್ಕೆ ನಮ್ಮ ಕ್ಯಾಶುವಾಲ್ಟಿಗೆ ತಂದಾಗ ಕೈಕಾಲು ತಣ್ಣಗಿತ್ತು, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿರಲಿಲ್ಲ. ತೊಡೆಗೆ 0.18 ಹಾಕಿದೆವು, ಕಾಲು ಎತ್ತಿಟ್ಟೆವು, ಆಕ್ಸಿಜನ್ ಕೊಟ್ಟು ಸಲೈನ್ ಬಿಟ್ಟೆವು. ಐದು ನಿಮಿಷಕ್ಕೆ ನಾಡಿ ಸಿಕ್ಕಿತು, ಆದರೆ ತೀರಾ ಬಲಹೀನ. ಇನ್ನೊಂದು 0.18 ಹಾಕಿದೆವು. ಅದಾಗಿ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು "ಚಳಿ" ಅಂದಳು. ಆ ಮನೆಯವರು ಮಾಡಿದ ತಪ್ಪು ಅಂತ ನಾನು ಹೇಳಲಾರೆ, ಯಾರೂ ಅವರಿಗೆ ಬೇರೆ ಹೇಳಿಕೊಟ್ಟಿರಲಿಲ್ಲ. ಪುನರ್ಪುಳಿ ಬೇಸಿಗೆಗೆ ಒಳ್ಳೆಯದು. ಉಸಿರು, ಪ್ರಜ್ಞೆ ಹೆಚ್ಚುಕಮ್ಮಿ ಆಗುತ್ತಿರುವ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು.

ಹಾಗಾದರೆ ಯಾವಾಗ ಚುಚ್ಚಬೇಕು? ಬರೀ ಗಂಧೆ, ತುರಿಕೆ ಮಾತ್ರ ಇದ್ದು ಮಗು ಆಡಿಕೊಂಡಿದ್ದರೆ ಆವಿಲ್ ಕೊಟ್ಟು ಪಕ್ಕದಲ್ಲೇ ಕೂತು ನೋಡಬಹುದು, ಪೆನ್ ಕೈಯಲ್ಲಿರಲಿ. ಸ್ವರ ಬದಲಾದರೆ, ಕೆಮ್ಮು ಬಿಡದಿದ್ದರೆ, ಎದೆಯಲ್ಲಿ ಸುಂಯ್ ಅಂದರೆ, ನಾಲಗೆ ಊದಿದರೆ, ಮಗು ಬಿಳಿಚಿ ಜೋತುಬಿದ್ದರೆ ಕೂಡಲೇ ಚುಚ್ಚಿ. ಆಗದ ವಸ್ತು ತಿಂದದ್ದು ಗೊತ್ತಿದ್ದು, ಗಂಧೆಯ ಜೊತೆ ವಾಂತಿ ಮತ್ತೆಮತ್ತೆ ಆದರೂ ಅಷ್ಟೇ. ನಿಮ್ಮ ಹುಡುಗನಿಗೆ ಜನವರಿಯಲ್ಲಿ ಸ್ವರ ಗೊಗ್ಗರಾಯಿತು ಅಂತ ಬರೆದಿರಿ. ಚುಚ್ಚಬೇಕಾದ ಗಳಿಗೆ ಅದೇ ಆಗಿತ್ತು. ಅನುಮಾನ ಇದ್ದರೂ ಚುಚ್ಚಿ. ಬೇಡದಿದ್ದಾಗ ಚುಚ್ಚಿದರೆ ಅರ್ಧ ಗಂಟೆ ನಡುಕ, ಅಷ್ಟೇ.

ಇನ್ನು ಅಣ್ಣ ಬರುವ ತನಕದ ಒಂದು ತಿಂಗಳು. ಅಡ್ರಿನಲಿನ್ ಆಂಪ್ಯೂಲ್ ನಮ್ಮಲ್ಲಿ ಸಿಗುತ್ತದೆ, ದುಬಾರಿಯೂ ಅಲ್ಲ. ಡಾಕ್ಟರ ಚೀಟಿ ಬೇಕು. ಅದರ ಜೊತೆ ಸಿರಿಂಜ್ ಇಟ್ಟುಕೊಂಡು ಮನೆಯಲ್ಲೇ ಚುಚ್ಚಲು ಕಲಿಯಬಹುದು. ಆದರೆ ಇದನ್ನು ಓದಿಕೊಂಡು ಮಾಡುವುದಲ್ಲ. ನಿಮ್ಮ ಡಾಕ್ಟರ ಎದುರು, ಅವರ ಕಣ್ಣೆದುರೇ ಕೈ ಕುದುರಿಸಿಕೊಳ್ಳಬೇಕು. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 2001ರಲ್ಲಿ ಕೆನಡಾದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದರು. ಬರಹದಲ್ಲಿ ಸೂಚನೆ ಕೊಟ್ಟು, ಆಂಪ್ಯೂಲ್‌ನಿಂದ ಶಿಶುವಿಗೆ ಬೇಕಾದಷ್ಟು ಅಡ್ರಿನಲಿನ್ ಎಳೆಯಲು ತಂದೆತಾಯಂದಿರಿಗೆ ಹೇಳಿದರು. ಸರಾಸರಿ 142 ಸೆಕೆಂಡ್ ಹಿಡಿಯಿತು. ತುರ್ತು ವಿಭಾಗದ ನರ್ಸ್‌ಗಳಿಗೆ 29 ಸೆಕೆಂಡ್ ಸಾಕಾಗಿತ್ತು. ಸಮಯ ಹೋಗಲಿ ಬಿಡಿ, ತಂದೆತಾಯಂದಿರು ಎಳೆದ ಅಳತೆಗಳಲ್ಲಿ ಅತಿ ಕಮ್ಮಿಗೂ ಅತಿ ಹೆಚ್ಚಿಗೂ 40 ಪಟ್ಟು ಅಂತರ ಇತ್ತು. 0.24ಕ್ಕೆ 0.3 ಆದರೆ ಏನಾಗುತ್ತದೋ ಅಂತ ಹೆದರುವ ನಾವು, ನಿಜವಾಗಿ ಹೆದರಬೇಕಾದ್ದು ಇದಕ್ಕೆ.

ತಪ್ಪು ಎಲ್ಲಿ ನುಸುಳುತ್ತದೆ ಅಂತ ಹತ್ತಿರದಿಂದ ನೋಡೋಣ. ಆಂಪ್ಯೂಲ್ ಮೇಲೆ 1 ಮಿಲಿಯಲ್ಲಿ 1 ಮಿಲಿಗ್ರಾಂ ಅಂತ ಇರಬೇಕು. ಕೆಲವದರಲ್ಲಿ 1:1000 ಅಂತಲೂ ಇರುತ್ತದೆ, ಎರಡೂ ಒಂದೇ. ಬೈಟಾರ್ಟ್ರೇಟ್ ಅಂತ ಉಪ್ಪಿನ ಹೆಸರೂ ಅದರ ತೂಕವೂ ಪಕ್ಕದಲ್ಲಿದ್ದರೆ ಅದನ್ನು ಬಿಟ್ಟು ಅಡ್ರಿನಲಿನ್ ಎಷ್ಟು ಅಂತ ಮಾತ್ರ ನೋಡಿ. ನಾರ್‌ಅಡ್ರಿನಲಿನ್ ಅಂತ ಬೇರೆಯೇ ಔಷಧ ಇದೆ. ಹೆಸರಿನ ಮುಂದೆ 'ನಾರ್' ಕಂಡರೆ ಅಲ್ಲೇ ವಾಪಸ್ ಕೊಡಿ.

ಸಿರಿಂಜ್ 1 ಮಿಲಿಯದ್ದು, ಮಿಲಿಯಲ್ಲಿ ಗೆರೆ ಹಾಕಿದ್ದು ಇರಬೇಕು. ಇದರಲ್ಲಿ ಒಂದು ಸಣ್ಣ ಗೆರೆ ಅಂದರೆ 0.01 ಮಿಲಿ. ಇಲ್ಲೊಂದು ಅನುಕೂಲ ಇದೆ. ಕೆಜಿಗೆ 0.01 ಮಿಲಿಗ್ರಾಂ, ಗೆರೆಗೆ 0.01 ಮಿಲಿಗ್ರಾಂ, ಹಾಗಾಗಿ ಎಷ್ಟು ಕೆಜಿಯೋ ಅಷ್ಟು ಗೆರೆ. 24 ಕೆಜಿಗೆ 24ನೇ ಗೆರೆ. 25ಕ್ಕೆ ಎಳೆದರೂ ತೊಂದರೆಯಿಲ್ಲ, ಓದಲು ಸುಲಭ.

ಆದರೆ ಇದೇ ಅನುಕೂಲ ಒಂದು ಬಲೆಯೂ ಹೌದು. ಮನೆಯಲ್ಲಿ ಅಜ್ಜನಿಗೆ ಸಕ್ಕರೆ ಕಾಯಿಲೆ ಇದ್ದರೆ ಇನ್ಸುಲಿನ್ ಸಿರಿಂಜ್ ಬಿದ್ದಿರುತ್ತದೆ. ಅದೂ 1 ಮಿಲಿಯದ್ದೇ, ನೋಡಲು ಒಂದೇ ಥರ. ಕೆಂಪು ಮುಚ್ಚಳದ್ದರಲ್ಲಿ 1 ಮಿಲಿಯನ್ನು 40 ಯೂನಿಟ್ ಅಂತ ಭಾಗ ಮಾಡಿರುತ್ತಾರೆ. ಅದರಲ್ಲಿ 24ರವರೆಗೆ ಎಳೆದರೆ 0.24 ಅಲ್ಲ, 0.6 ಮಿಲಿ ಬರುತ್ತದೆ. ಎರಡೂವರೆ ಪಟ್ಟು. ಕಿತ್ತಳೆ ಮುಚ್ಚಳದ 100 ಯೂನಿಟ್ಟಿನದ್ದರಲ್ಲಿ ಲೆಕ್ಕ ಸರಿಯಾಗಿಯೇ ಬರುತ್ತದೆ, ಆದರೆ ಅದರ ಸೂಜಿ ಗಿಡ್ಡ. ಇನ್ಸುಲಿನ್ ಚರ್ಮದ ಕೆಳಗೆ ಹಾಕುವಂಥದ್ದು, ಸೂಜಿಯೂ ಅದಕ್ಕೆ ತಕ್ಕ ಹಾಗೆ. ಅಡ್ರಿನಲಿನ್ ಸ್ನಾಯುವಿಗೆ ಹೋಗಬೇಕು. ಮಕ್ಕಳಲ್ಲಿ ನೋಡಿದಾಗ ತೊಡೆಯ ಸ್ನಾಯುವಿಗೆ ಹಾಕಿದ್ದು ಸರಾಸರಿ 8 ನಿಮಿಷಕ್ಕೆ ರಕ್ತದಲ್ಲಿ ಪೂರ್ತಿ ಏರಿತು, ಚರ್ಮದ ಕೆಳಗೆ ಹಾಕಿದ್ದು 34 ನಿಮಿಷ ತಗೊಂಡಿತು. ಅದಕ್ಕೇ ಒಂದು ಇಂಚಿನ ಸೂಜಿ ಬೇಕು. 1 ಮಿಲಿ ಸಿರಿಂಜ್ ಜೊತೆ ಬರುವ ಸಣ್ಣ ಸೂಜಿ ತೆಗೆದು ಇದನ್ನು ಹಾಕಿಕೊಳ್ಳಿ. ಸೂಜಿ ಬಿಚ್ಚಲು ಬರುವ ಸಿರಿಂಜ್ ಅಂತ ಕೇಳಿಯೇ ತನ್ನಿ.

ಆಂಪ್ಯೂಲ್ ಕುತ್ತಿಗೆಯ ಚುಕ್ಕೆ ನಿಮ್ಮ ಕಡೆ ಇರಲಿ, ಹತ್ತಿ ಸುತ್ತಿ ಹಿಂದಕ್ಕೆ ಮುರಿಯಿರಿ. ಮೇಲಿನ ಭಾಗದಲ್ಲಿ ಔಷಧ ಸಿಕ್ಕಿಕೊಂಡಿದ್ದರೆ ಮುರಿಯುವ ಮೊದಲು ಬೆರಳಿನಿಂದ ತಟ್ಟಿ ಇಳಿಸಿ. ಮೊದಲ ಸಲ ಎಲ್ಲರಿಗೂ ಕೈ ಕೊಯ್ಯುವ ಹೆದರಿಕೆ ಇರುತ್ತದೆ. ಇಂಜೆಕ್ಷನ್‌ಗೆ ಬಳಸುವ ಬರೀ ನೀರಿನ ಆಂಪ್ಯೂಲ್ ಸಿಗುತ್ತದೆ, ನಾಲ್ಕೈದು ತಂದು ಮುರಿದು, ಎಳೆದು, ಗುಳ್ಳೆ ತೆಗೆದು, ಗೆರೆಗೆ ತಂದು ಅಭ್ಯಾಸ ಮಾಡಿ. ನೀವು ಮಾತ್ರ ಅಲ್ಲ, ಗಂಡನೂ ಮಾಡಲಿ. ನಾದಿನಿ ಹತ್ತಿರದಲ್ಲೇ ಇದ್ದರೆ ಅವರೇ ಹೇಳಿಕೊಡಲಿ, ಅವರ ಕೈಗೆ ಇದು ಪಳಗಿದ ಕೆಲಸ. ಸಿರಿಂಜ್‌ಗೆ ಮೊದಲೇ ಎಳೆದು ಇಟ್ಟುಕೊಳ್ಳಬಹುದಾ ಅಂತ ಕೇಳುವವರಿದ್ದಾರೆ. ಗಾಳಿ, ಬೆಳಕು ತಾಗಿದರೆ ಔಷಧ ಕೆಡುತ್ತದೆ, ನಮ್ಮ ಕರಾವಳಿಯ ಸೆಕೆಯಲ್ಲಿ ಇನ್ನೂ ಬೇಗ. ನಿಮ್ಮ ಡಾಕ್ಟರು ಎಷ್ಟು ದಿನ ಅಂತ ಹೇಳಿ ತಾವೇ ತುಂಬಿಸಿ ಕೊಟ್ಟರೆ ಸರಿ, ಸ್ವಂತ ಬುದ್ಧಿಯಿಂದ ಬೇಡ.

ಚುಚ್ಚುವ ಜಾಗ ಸಿರಿಂಜ್ ಆದರೂ ಪೆನ್ ಆದರೂ ಒಂದೇ, ತೊಡೆಯ ಮಧ್ಯಭಾಗ, ಹೊರಬದಿ. ಅಂಡಿಗೆ ಬೇಡ, ತೋಳಿಗೆ ಬೇಡ. ಪೆನ್ ಆದರೆ ಚಡ್ಡಿಯ ಮೇಲಿಂದಲೇ ಆಗುತ್ತದೆ, ಜೇಬಿನಲ್ಲಿ ಗೋಲಿ, ನಾಣ್ಯ ಇಲ್ಲವಾ ನೋಡಿ, ದಪ್ಪ ಹೊಲಿಗೆ ಬಿಟ್ಟು ಪಕ್ಕಕ್ಕೆ ಹಾಕಿ. ಮಗುವಿನ ಕಾಲನ್ನು ಗಟ್ಟಿ ಹಿಡಿಯಿರಿ, ಒದ್ದಾಡಿದರೆ ಸೂಜಿ ಗೀರುತ್ತದೆ. ಪೆನ್ ಅನ್ನು ಮುಷ್ಟಿಯಲ್ಲಿ ಹಿಡಿಯಬೇಕು, ಹೆಬ್ಬೆರಳು ತುದಿಯ ಮೇಲೆ ಇಡಬಾರದು. ಗಡಿಬಿಡಿಯಲ್ಲಿ ತಿರುಗುಮುರುಗು ಹಿಡಿದು ಸ್ವಂತ ಹೆಬ್ಬೆರಳಿಗೇ ಚುಚ್ಚಿಕೊಂಡವರಿದ್ದಾರೆ. ಎಷ್ಟು ಸೆಕೆಂಡ್ ಒತ್ತಿ ಹಿಡಿಯಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಅಣ್ಣ ತಂದ ಪೆನ್ನಿನ ಮೇಲಿನ ಚಿತ್ರ ನೋಡಿ.

ಹಾಕಿದ ಮೇಲೆ ಮಗುವನ್ನು ಮಲಗಿಸಿ, ಕಾಲು ದಿಂಬಿನ ಮೇಲೆ. ಉಸಿರಿಗೆ ಕಷ್ಟ ಇದ್ದರೆ ಒರಗಿ ಕೂರಲಿ. ವಾಂತಿ ಆಗುತ್ತಿದ್ದರೆ ಪಕ್ಕಕ್ಕೆ ತಿರುಗಿಸಿ. ಎದ್ದು ನಿಲ್ಲಿಸಬೇಡಿ, ಗುಣವಾಯಿತು ಅನ್ನಿಸಿದರೂ ಕಾರಿನವರೆಗೆ ನಡೆಸಬೇಡಿ, ಎತ್ತಿಕೊಂಡು ಹೋಗಿ. ಬಿದ್ದ ರಕ್ತದೊತ್ತಡದಲ್ಲಿ ಥಟ್ಟನೆ ನಿಂತು ಕುಸಿದ ಮಕ್ಕಳಿದ್ದಾರೆ. 108ಕ್ಕೆ ಕರೆ ಮಾಡಿ, ಚುಚ್ಚಿದ ಸಮಯ ಬರೆದುಕೊಳ್ಳಿ. ಐದು ನಿಮಿಷ ಕಳೆದರೂ ಸುಧಾರಿಸದಿದ್ದರೆ, ಅಥವಾ ಸುಧಾರಿಸಿ ಮತ್ತೆ ಕೆಟ್ಟರೆ, ಎರಡನೆಯದನ್ನು ಹಾಕಿ. ಎರಡು ಪೆನ್ ತರಲು ಹೇಳಿದ್ದು ಇದಕ್ಕೇ. ಪೂರ್ತಿ ಗುಣವಾದರೂ ಆಸ್ಪತ್ರೆಗೆ ಹೋಗಲೇಬೇಕು, ಯಾಕೆಂದರೆ ಗಂಟೆಗಳ ನಂತರ ಎರಡನೇ ಸಲ ಕೆರಳುವುದುಂಟು. ಬ್ರಹ್ಮಾವರದಿಂದ ಉಡುಪಿ, ಮಣಿಪಾಲ ದೂರವಲ್ಲ, ಆದರೆ ಹೈವೇ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತು ಅಂತ ನಿಮಗೇ ಗೊತ್ತು. ಹೊರಡುವ ಮೊದಲು ಚುಚ್ಚಿ, ಹೋಗಿ ಮುಟ್ಟಿದ ಮೇಲೆ ಅಲ್ಲ.

ಅಣ್ಣನಿಗೆ 0.3 ಸಿಗದೆ 0.15 ಮಾತ್ರ ಸಿಕ್ಕಿದರೆ ಬರಿಗೈಯಲ್ಲಿ ಬರುವುದು ಬೇಡ, ಅದನ್ನೇ ತರಲಿ. ಪೆನ್ ಇಲ್ಲದಿರುವುದಕ್ಕಿಂತ ಸಣ್ಣ ಪೆನ್ ಎಷ್ಟೋ ಮೇಲು. ಎರಡನೆಯದು ಬೇಗ ಬೇಕಾಗಬಹುದು ಅಂತ ಮಾತ್ರ ಮನಸ್ಸಿನಲ್ಲಿರಲಿ. ಅಂಗಡಿಯಲ್ಲಿ ಎಕ್ಸ್‌ಪೈರಿ ತಿಂಗಳು ನೋಡಿ, ದೂರದ ತಾರೀಕಿನದ್ದು ಇದ್ದರೆ ಅದನ್ನೇ ಕೇಳಿ ತೆಗೆದುಕೊಳ್ಳಲಿ. ಡಾಕ್ಟರ ಚೀಟಿಯ ಪ್ರತಿ ಜೊತೆಗಿಟ್ಟು ಕೈಚೀಲದಲ್ಲೇ ತರಲಿ. ಮನೆಗೆ ಬಂದ ಮೇಲೆ ಫ್ರಿಜ್‌ನಲ್ಲಿ ಇಡಬೇಡಿ, ಕಾರಿನ ಡ್ಯಾಶ್‌ಬೋರ್ಡಿನಲ್ಲೂ ಬಿಡಬೇಡಿ. ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಕೈ ಇಟ್ಟು ನೋಡಿದ್ದೀರಲ್ಲ. ಪೆನ್ನಿನ ಪಕ್ಕದಲ್ಲಿರುವ ಸಣ್ಣ ಕಿಟಕಿಯಲ್ಲಿ ಔಷಧ ನೀರಿನ ಹಾಗೆ ತಿಳಿಯಾಗಿರಬೇಕು. ಗುಲಾಬಿಗೋ ಕಂದಿಗೋ ತಿರುಗಿದ್ದರೆ ಬದಲಿಸುವ ಹೊತ್ತು ಬಂತು. ಬೇರೆ ಏನೂ ಇಲ್ಲದ ಗಳಿಗೆಯಲ್ಲಿ ಅವಧಿ ಮುಗಿದದ್ದಾದರೂ ಹಾಕಬೇಕು.

ಮಗ ಹೋದಲ್ಲಿಗೆ ಎರಡೂ ಪೆನ್ ಒಟ್ಟಿಗೇ ಹೋಗಬೇಕು. ಒಂದು ಶಾಲೆಯಲ್ಲಿ, ಒಂದು ಮನೆಯಲ್ಲಿ ಅಂತ ಹಂಚಿದರೆ ಎರಡು ಕಡೆಯೂ ಎರಡನೆಯದು ಇರುವುದಿಲ್ಲ. ಒಂದು ಡಬ್ಬಿಯಲ್ಲಿ ಎರಡನ್ನೂ ಹಾಕಿ, ಮೇಲೆ ಅವನ ಹೆಸರು, ತೂಕ, ನಿಮ್ಮ ಫೋನ್ ನಂಬರ್ ಅಂಟಿಸಿ. ತೂಕದ ಜಾಗ ಪೆನ್ಸಿಲ್‌ನಲ್ಲಿ ಬರೆಯಿರಿ, ಮೂರು ತಿಂಗಳಿಗೊಮ್ಮೆ ಅಳಿಸಿ ಬರೆಯಬೇಕಾಗುತ್ತದೆ.